ಐದನೇ ಸಾಲಿಗೆ ಸರಿದ ಮಾತು

ನಮ್ಮ ಕಂಪನಿಯ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕೋಳಿ ಶೆಡ್ಡಿನಲ್ಲಿ ಫ್ಯಾನ್ ನಿಂತರೆ ಶೆಡ್ಡಿನವರಿಗೆ ಫೋನ್ ಮಾಡುವುದು. ನಮ್ಮ ಸಾರ್ ಇದನ್ನೇ ಹೊರಗಿನವರಿಗೆ ವಿವರಿಸಲು ಕೂತರೆ ಕಾಫಿ ತಣ್ಣಗಾಗುತ್ತದೆ. ಅವರು ಕಂಪನಿಯ ಮಾಲೀಕರು, ವಿವರಿಸಲಿ. ನಾನು ಅಲ್ಲಿ ಎಂಜಿನಿಯರು. ಚಿಕ್ಕಬಳ್ಳಾಪುರದಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆರು ಜನ ಎಂಜಿನಿಯರುಗಳು ವಾರಕ್ಕೊಬ್ಬರಂತೆ ಸರದಿಯಲ್ಲಿ ಆನ್‌ಕಾಲ್ ಇರುತ್ತೇವೆ. ಏನಾದರೂ ಕೆಟ್ಟರೆ ಸರದಿಯಲ್ಲಿರುವವರು ಫೋನಿನ ಗ್ರೂಪಿಗೆ ಬರೆಯಬೇಕು, ಉಳಿದವರು ನೋಡಿ ಕೈಜೋಡಿಸಬೇಕು.

ಈಗಿನ ದೊಡ್ಡ ಶೆಡ್ಡುಗಳು ಎಲ್ಲ ಕಡೆಯೂ ಮುಚ್ಚಿರುತ್ತವೆ. ಒಂದು ತುದಿಯಲ್ಲಿ ಆಳೆತ್ತರದ ಫ್ಯಾನುಗಳು ಒಳಗಿನ ಬಿಸಿಗಾಳಿಯನ್ನು ಹೊರಗೆಳೆಯುತ್ತವೆ, ಇನ್ನೊಂದು ತುದಿಯಲ್ಲಿ ನೀರು ಹರಿಯುವ ಪ್ಯಾಡಿನ ಮೂಲಕ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಫ್ಯಾನ್ ನಿಂತರೆ ಕೋಳಿಗಳು ತಮ್ಮ ಮೈಯ ಕಾವಿನಲ್ಲೇ ಬೇಯಲು ಶುರುವಾಗುತ್ತವೆ. ಬೇಸಿಗೆಯ ಮಧ್ಯಾಹ್ನ, ಮಾರಾಟಕ್ಕೆ ಬಂದ ತೂಕದ ಕೋಳಿಗಳಾದರೆ ಅರ್ಧ ಗಂಟೆ ಸಾಕು. ಅದಕ್ಕೇ ಪ್ರತಿ ಶೆಡ್ಡಿನಲ್ಲೂ ನಮ್ಮದೊಂದು ಪೆಟ್ಟಿಗೆ ಇರುತ್ತದೆ. ಶೆಡ್ಡಿನ ಬಿಸಿ ಎಷ್ಟು, ಫ್ಯಾನು ಓಡುತ್ತಿದೆಯೋ ಇಲ್ಲವೋ ಎಂದು ಅದು ನಿಮಿಷ ನಿಮಿಷಕ್ಕೂ ನಮ್ಮ ಸರ್ವರಿಗೆ ಕಳಿಸುತ್ತದೆ. ಸರ್ವರಿನಲ್ಲಿ ಆ ಸಂದೇಶಗಳು ಸಾಲಾಗಿ ನಿಲ್ಲುತ್ತವೆ. ಒಂದು ಪ್ರೋಗ್ರಾಂ ಒಂದೊಂದಾಗಿ ಓದಿ, ಎಡವಟ್ಟು ಕಂಡರೆ ರೈತರ ಫೋನಿಗೆ ತಾನೇ ಕರೆ ಮಾಡುತ್ತದೆ.

ತೊಂಡೇಬಾವಿಯ ಹತ್ತಿರ ನಮ್ಮ ಅಕ್ಕನದೊಂದು ಶೆಡ್ಡು ಇತ್ತು. ಭಾವ ಮೇಷ್ಟ್ರು, ಬೆಳಿಗ್ಗೆ ಹೋದರೆ ಸಂಜೆ ಬರುವವರು. ಜಮೀನು ಅವರ ಮನೆಯದು, ಆದರೆ ಶೆಡ್ಡು ಹಾಕಬೇಕೆಂದು ಹಠ ಹಿಡಿದವಳು, ಹಾಕಿಸಿದವಳು, ನಡೆಸುತ್ತಿದ್ದವಳು ಅಕ್ಕ. ಅವರ ಮನೆಯವರು ಹೆಂಗಸರ ಕೈಯಿಂದ ಲೋಟ ಜಾರಿದರೂ ಮೂರು ದಿನ ಮಾತಾಡುವ ಜನ. ಅಂಥವರ ಮಧ್ಯೆ ಅವಳು ಐದಾರು ಬ್ಯಾಚು ಕೋಳಿ ತೆಗೆದು ಎಲ್ಲರ ಬಾಯಿ ಮುಚ್ಚಿಸಿದ್ದಳು. ನಮ್ಮ ಪೆಟ್ಟಿಗೆ ಹಾಕಿಸಿಕೊಳ್ಳೆಂದು ಅವಳ ಬೆನ್ನು ಬಿದ್ದವಳು ನಾನೇ. ಅದಾದ ಮೇಲೆ ಅವಳಿಗೆ ಗೌರಿಬಿದನೂರಿಗೋ, ತವರಿಗೋ ಹೋಗಿ ಬರುವ ಧೈರ್ಯ ಬಂದಿತ್ತು. ಮುಂಚೆ ಕೋಳಿ ದೊಡ್ಡದಾದ ಮೇಲೆ ಅವಳು ಹೊಸ್ತಿಲು ದಾಟುತ್ತಿರಲಿಲ್ಲ.

ಇನ್ನು ನಮ್ಮ ಸಾರ್ ಮಾಡಿದ ನಿಯಮದ ವಿಷಯ ಹೇಳಬೇಕು, ಎಲ್ಲವೂ ಅದರಿಂದಲೇ ಆದದ್ದು. ಹಿಂದೊಮ್ಮೆ ಗ್ರೂಪಿಗೆ ಯಾರೋ ಗಾಬರಿಯಲ್ಲಿ "ಫಾರಂಗಳಿಗೆ ಅಲಾರಂ ಹೋಗುತ್ತಿಲ್ಲ" ಎಂದು ಬರೆದಿದ್ದರು. ಅದರ ಫೋಟೋ ಹೇಗೋ ಒಬ್ಬ ದೊಡ್ಡ ಗಿರಾಕಿಯ ಕೈಸೇರಿ ರಾದ್ಧಾಂತವಾಯಿತು. ಆವತ್ತಿನಿಂದ ಸಾರ್ ಒಂದು ನಮೂನೆ ಮಾಡಿದರು. ಮೊದಲ ಸಾಲಿನಲ್ಲಿ ನಮಸ್ಕಾರ ಮತ್ತು ತೊಂದರೆಯ ದರ್ಜೆ. ಎರಡನೇ ಸಾಲಿನಲ್ಲಿ ಸರ್ವರಿನ ಯಾವ ಭಾಗ ಕೆಟ್ಟಿದೆ ಎಂಬುದು. ಮೂರನೆಯದರಲ್ಲಿ ಕಾರಣ. ಕಾರಣ ಗೊತ್ತಿಲ್ಲದೆ ಯಾರೂ ಗ್ರೂಪಿಗೆ ಬರೆಯಕೂಡದು. ರೈತರ ಮಾತು ಏನಿದ್ದರೂ ಕೆಳಗೆ, ಅದೂ "ಇರಬಹುದು" ಎಂದು ಸೇರಿಸಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಲೆಕ್ಕಾಚಾರ. ನಾವೆಲ್ಲ ಅದಕ್ಕೆ ಒಗ್ಗಿಹೋದೆವು. ಕಾರಣ ಸಮೇತ ಬರೆದವರು ಜಾಣರು ಎಂಬ ಹೆಸರೂ ಬರುತ್ತಿತ್ತು, ಆ ಹೆಸರಿನ ಮೇಲೆ ನಮಗೆ ಆಸೆಯೂ ಇತ್ತು.

ನಾನು ಹೇಳಹೊರಟಿರುವ ವಾರ ಸರದಿ ನನ್ನದಲ್ಲ. ಅಲೀಪುರದಿಂದ ಬರುವ ನನ್ನ ಸಹೋದ್ಯೋಗಿಯದು. ಮದುವೆಯಾಗಿ ಇಬ್ಬರು ಮಕ್ಕಳಿರುವ ಮನುಷ್ಯ, ಮಾತು ಕಡಿಮೆ, ಕೆಲಸದಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ನಾನು ಚಿಂತಾಮಣಿಯ ಕಡೆಯ ಒಂದು ಫಾರಮ್ಮಿನಲ್ಲಿ ಕೆಟ್ಟಿದ್ದ ಸೆನ್ಸಾರ್ ಬದಲಿಸಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಏಪ್ರಿಲ್ ತಿಂಗಳು. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಶಿಡ್ಲಘಟ್ಟದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಗ್ರೂಪಿನ ಸಂದೇಶ, ಮೊದಲ ಮೂರು ಸಾಲು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ:

ಎಲ್ಲರಿಗೂ ನಮಸ್ಕಾರ. ಮೂರನೇ ದರ್ಜೆಯ ತೊಂದರೆ.
ಸಂದೇಶಗಳ ಸಾಲು ಓದುವ ಪ್ರೋಗ್ರಾಂ ನಿಂತಿದೆ, ಸರ್ವರಿನ ಡಿಸ್ಕ್ ತುಂಬಿದೆ.
ಕಾರಣ: ಹಳೆಯ ಲಾಗ್ ಫೈಲುಗಳು ಅಳಿಸಿಲ್ಲ. ಡೇಟಾ ನಷ್ಟವಿಲ್ಲ.

ಪರದೆಗೆ ಹಿಡಿಸಿದ್ದು ಅಷ್ಟೇ. ಮೂರನೇ ದರ್ಜೆ ಎಂದರೆ ಸರದಿಯವರೇ ನೋಡಿಕೊಳ್ಳುವ ಕೆಲಸ. ದಿನದಿನದ ದಾಖಲೆಯ ಫೈಲುಗಳು ಸೇರಿ ಡಿಸ್ಕ್ ತುಂಬುವುದು ಹೊಸದಲ್ಲ. ಕಾರಣ ಗೊತ್ತಾಗಿದೆ, ಡೇಟಾ ಹೋಗಿಲ್ಲ, ಅಂದಮೇಲೆ ಅಳಿಸುತ್ತಾನೆ, ಸರಿಹೋಗುತ್ತದೆ. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದವರೂ ಹಾಗೇ ಓದಿಕೊಂಡು ಅನ್ನ ಕಲೆಸಿದರಂತೆ. ಇಷ್ಟು ಹೊತ್ತಿಗೆ ನೀವು ಇದು ನನ್ನ ತಪ್ಪೊಪ್ಪಿಗೆ ಎಂದುಕೊಂಡಿದ್ದರೆ, ಅಲ್ಲ. ನನಗೆ ಬರುವುದು ಸಿಟ್ಟು. ಓದಬೇಕಾದದ್ದನ್ನೆಲ್ಲ ಓದಿದೆ, ಅದರಲ್ಲಿ ಏನೂ ಇರಲಿಲ್ಲ.

ಫೋನು ಚೀಲಕ್ಕೆ ಹಾಕುವುದರೊಳಗೆ ಅಕ್ಕನ ಕರೆ ಬಂತು.

"ಎಲ್ಲಿದೀಯೇ?"

"ಶಿಡ್ಲಘಟ್ಟದಲ್ಲಿ, ಬಸ್ಸಲ್ಲಿ. ನೀನು?"

"ಗೌರಿಬಿದನೂರಲ್ಲಿ ಕಣೇ, ಅತ್ತೇನ ಕಣ್ಣಿಗೆ ತೋರಿಸಕ್ಕೆ ಕರ್ಕೊಂಬಂದಿದೀನಿ. ಟೋಕನ್ ತಗೊಂಡು ಕೂತಿದೀವಿ, ಡಾಕ್ಟ್ರು ಊಟಕ್ಕೆ ಹೋದ್ರಂತೆ. ಕೂತು ಕೂತು ಸಾಕಾಯ್ತು, ಅದಕ್ಕೆ ಮಾಡ್ದೆ."

ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರೆ ಯಾವಾಗ ಮಾಡಿಸುವುದು, ಆ ವಾರ ಶೆಡ್ಡು ಯಾರು ನೋಡುವುದು ಎಂದು ಮಾತಾಡಿದೆವು. ನಾನು ರಜೆ ಹಾಕಿ ಬಂದಿರುತ್ತೇನೆ ಎಂದೆ. ಅವಳು ನಕ್ಕಳು. "ನೀನು ಪೆಟ್ಗೆ ನೋಡ್ತೀಯ, ಕೋಳಿ ನೋಡಲ್ಲ" ಎಂದಳು.

ಆಮೇಲೆ ತಾನಾಗಿಯೇ ಹೇಳಿದಳು. "ಊರಲ್ಲಿ ಕರೆಂಟು ಹೋಯ್ತಂತೆ. ಶೆಡ್ಡಿನ ಆಳಿಗೆ ಫೋನ್ ಮಾಡಿದ್ದೆ. ಜನರೇಟರ್ ನಡುಸ್ತಾ ಉಂದಮ್ಮ ಅಂದ, ಓಡ್ತಾ ಇದೆಯಂತೆ. ನಿಮ್ಮ ಪೆಟ್ಗೆಯಿಂದ್ಲೂ ಫೋನ್ ಬಂದಿಲ್ಲ. ಬಂದಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ತಾನೆ?"

"ಹೂಂ ಅಕ್ಕ, ಬಂದಿಲ್ಲ ಅಂದ್ರೆ ಸರಿ ಇದೆ."

ಶೆಡ್ಡು ನೋಡಿಕೊಳ್ಳುತ್ತಿದ್ದವನು ಹಿಂದೂಪುರದ ಕಡೆಯವನು, ಹೆಂಡತಿಯ ಜೊತೆ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಇದ್ದ. ಅವನು ಹೇಳಿದ್ದು ಸುಳ್ಳಲ್ಲ. ಜನರೇಟರ್ ಓಡುತ್ತಲೇ ಇತ್ತು. ಕರೆಂಟು ಹೋದರೆ ಅದು ತಾನಾಗಿ ಶುರುವಾಗಬೇಕು, ಆಮೇಲೆ ಒಂದು ಸ್ವಿಚ್ಚು ಶೆಡ್ಡಿನ ಲೈನನ್ನು ಜನರೇಟರಿಗೆ ಹೊರಳಿಸಬೇಕು. ಅವತ್ತು ಎಂಜಿನ್ನು ಶುರುವಾಯಿತು, ಸ್ವಿಚ್ಚು ಹೊರಳಲಿಲ್ಲ. ಜನರೇಟರಿನ ಗುಡುಗಿನಲ್ಲಿ ಫ್ಯಾನಿನ ಸದ್ದು ಇಲ್ಲ ಎಂಬುದು ಯಾರಿಗೂ ಕೇಳಿಸಲಿಲ್ಲ. ಶೆಡ್ಡಿನದೇ ಆದ ಸೈರನ್ ಒಂದಿತ್ತು, ಆದರೆ ಕರೆಂಟು ಹೋದಾಗಲೆಲ್ಲ ಅರಚಿಕೊಳ್ಳುತ್ತದೆ ಎಂದು ಅದರ ವೈರು ಕಿತ್ತಿಟ್ಟಿದ್ದರು. ಮುಕ್ಕಾಲು ಪಾಲು ಶೆಡ್ಡುಗಳಲ್ಲಿ ಹೀಗೇ. ಫೋನು ಬರುತ್ತದಲ್ಲ ಎಂಬ ನಂಬಿಕೆ, ಆ ನಂಬಿಕೆ ಹುಟ್ಟಿಸಿದವರು ನಾವು.

ಪೆಟ್ಟಿಗೆಗೆ ಎಲ್ಲ ಗೊತ್ತಿತ್ತು. ಅದಕ್ಕೆ ಬ್ಯಾಟರಿ ಇದೆ. ಫ್ಯಾನ್ ನಿಂತಿದೆ, ಬಿಸಿ ಏರುತ್ತಿದೆ ಎಂದು ಅದು ಒಂದೇ ಸಮನೆ ಹೇಳುತ್ತಿತ್ತು. ಆ ಸಂದೇಶಗಳು ಸರ್ವರಿನ ಸಾಲಿನಲ್ಲಿ ಓದುವವರಿಲ್ಲದೆ ನಿಂತಿದ್ದವು. ಡೇಟಾ ನಷ್ಟವಿಲ್ಲ ಎಂದು ಬರೆದಿದ್ದು ಅದಕ್ಕೇ, ಅದೂ ನಿಜವೇ. ಸಾಯುವ ಕೋಳಿಗಳ ಲೆಕ್ಕವೆಲ್ಲ ಭದ್ರವಾಗಿತ್ತು.

ಬಸ್ಸು ಚಿಕ್ಕಬಳ್ಳಾಪುರ ಮುಟ್ಟುವ ಹೊತ್ತಿಗೆ ಅಕ್ಕ ಮತ್ತೆ ಫೋನ್ ಮಾಡಿದಳು. "ಕೋಳಿ ಎಲ್ಲ ಹೋದ್ವು ಕಣೇ" ಎಂದಳು. ಹಿಂದಿನಿಂದ ಅವಳ ಅತ್ತೆ "ಏನಾಯ್ತಮ್ಮ, ಏನಾಯ್ತು" ಎನ್ನುವುದು ಕೇಳುತ್ತಿತ್ತು. ನೀರಿನ ಪೈಪು ನೋಡಲು ಹೋದ ಆಳಿನ ಹೆಂಡತಿ ಶೆಡ್ಡಿನ ಬಾಗಿಲು ತೆಗೆದು ಕೂಗಿಕೊಂಡಿದ್ದಳಂತೆ. ಆಗಲೇ ಫೋನು ತೆಗೆದು ಗ್ರೂಪಿನ ಸಂದೇಶ ಪೂರ್ತಿ ಬಿಡಿಸಿ ನೋಡಿದೆ. ನಾಲ್ಕನೇ ಸಾಲು: ಫೈಲುಗಳನ್ನು ಅಳಿಸುತ್ತಿದ್ದೇನೆ. ಐದನೇ ಸಾಲು: ಈ ಅವಧಿಯಲ್ಲಿ ಫಾರಂಗಳಿಗೆ ಅಲಾರಂ ಕರೆ ಹೋಗದೆ ಇರಬಹುದು.

ಇರಬಹುದು. ಆ ಪದ ನೋಡಿ ನನಗೆ ಫೋನನ್ನು ರಸ್ತೆಗೆ ಎಸೆಯಬೇಕು ಅನಿಸಿತು.

ಮಂಚೇನಹಳ್ಳಿ ದಾಟಿ ತೊಂಡೇಬಾವಿ ಸೇರುವಾಗ ಬಿಸಿಲು ಇಳಿದಿತ್ತು. ಶೆಡ್ಡಿನ ಬದಿಯ ಪ್ಲಾಸ್ಟಿಕ್ ಪರದೆಗಳನ್ನು ಹರಿದು ತೆಗೆದಿದ್ದರು. ಒಳಗೆ ನೆಲ ಕಾಣುತ್ತಿರಲಿಲ್ಲ. ಕೋಳಿಗಳು ಒಂದರ ಮೇಲೊಂದು ಬಿದ್ದಿದ್ದವು, ಪ್ಯಾಡಿನ ಗೋಡೆಯ ಹತ್ತಿರ ರಾಶಿ ಎತ್ತರವಾಗಿತ್ತು, ಗಾಳಿ ಬರುವ ಕಡೆಗೆ ನುಗ್ಗಿದ್ದವು. ಕೊಕ್ಕುಗಳೆಲ್ಲ ತೆರೆದೇ ಇದ್ದವು. ಅಲ್ಲೊಂದು ಇಲ್ಲೊಂದು ಇನ್ನೂ ಎದೆ ಬಡಿದುಕೊಳ್ಳುತ್ತಿತ್ತು. ಭಾವ, ಅವರ ತಮ್ಮಂದಿರು ಮೂಗಿಗೆ ಟವಲು ಕಟ್ಟಿಕೊಂಡು ತಳ್ಳುಗಾಡಿಯಲ್ಲಿ ಹೊತ್ತು ಹಾಕುತ್ತಿದ್ದರು. ಹೊಲದ ಅಂಚಿನಲ್ಲಿ ಜೇಸಿಬಿ ಗುಂಡಿ ತೋಡುತ್ತಿತ್ತು, ಪಕ್ಕದಲ್ಲಿ ಸುಣ್ಣದ ಮೂಟೆಗಳು.

ಅಕ್ಕ ಕೆಳಗೆ ಕೂತು ಬದುಕಿದ್ದವುಗಳನ್ನು ಆರಿಸಿ ನೀರಿನ ಬಕೇಟಿನಲ್ಲಿ ಅದ್ದಿ ಅದ್ದಿ ಹೊರಗಿಡುತ್ತಿದ್ದಳು. ಹೆಚ್ಚಿನವು ಅವಳ ಕೈಯಲ್ಲೇ ಕತ್ತು ಚೆಲ್ಲುತ್ತಿದ್ದವು. ನನ್ನನ್ನು ನೋಡಿ ಅಳಲಿಲ್ಲ.

"ನಿಮ್ಮೋರು ಹತ್ತು ನಿಮಿಷಕ್ಕೆ ಮುಂಚೆ ಫೋನ್ ಮಾಡಿದ್ರು" ಎಂದಳು. "ಶೆಡ್ಡಿನ ಉಷ್ಣಾಂಶ ಜಾಸ್ತಿಯಾಗಿದೆ ಅಂತ."

ಪ್ರೋಗ್ರಾಂ ಸರಿಹೋಗಿತ್ತು. ಸಾಲಿನಲ್ಲಿ ನಿಂತಿದ್ದ ಸಂದೇಶಗಳನ್ನು ಮೊದಲಿನಿಂದ ಓದಿಕೊಂಡು ಬಂದು, ತನ್ನ ಕೆಲಸ ತಾನು ಮಾಡಿತ್ತು. ಅವಳ ಕೈಯಲ್ಲಿ ಸತ್ತ ಕೋಳಿ, ಫೋನಿನಲ್ಲಿ ಆ ಯಂತ್ರದ ಧ್ವನಿ. ಸೀರೆ ಎತ್ತಿ ಕಟ್ಟಿ ಅವಳ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಮೈದುನ ಬಂದು, ಯಾರಿಗೋ ಹೇಳುವವನ ಹಾಗೆ, "ಹೆಂಗಸ್ರು ಶೆಡ್ಡು ಬಿಟ್ಟು ಊರು ಸುತ್ತಕ್ಕೆ ಹೋದ್ರೆ ಇನ್ನೇನಾಗುತ್ತೆ" ಎಂದ. ಅತ್ತೆಯ ಕಣ್ಣು ತೋರಿಸಲು ಹೋಗಿದ್ದಳು ಎಂದು ಭಾವ ಹೇಳಬಹುದಿತ್ತು. ಹೇಳಲಿಲ್ಲ.

ಮಾರನೇ ದಿನ ಆಫೀಸಿನಲ್ಲಿ ಸಾರ್ ಎಲ್ಲರನ್ನೂ ಕೂರಿಸಿದರು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಸಭೆ. ಅವರ ಸಿಟ್ಟೆಲ್ಲ ಅಲೀಪುರದವನ ಮೇಲೆ. ತೊಂದರೆ ಶುರುವಾಗಿದ್ದು ಎಷ್ಟು ಹೊತ್ತಿಗೆ, ಸಂದೇಶ ಹಾಕಿದ್ದು ಎಷ್ಟು ಹೊತ್ತಿಗೆ, ನಡುವೆ ಏನು ಮಾಡುತ್ತಿದ್ದೆ ಎಂದರು.

ಅವನು ಮೆಲ್ಲಗೆ ಹೇಳಿದ. "ಕಾರಣ ಹುಡುಕ್ತಿದ್ದೆ ಸಾರ್. ಕಾರಣ ಇಲ್ದೆ ಹಾಕಬೇಡಿ ಅಂತ ನೀವೇ ಹೇಳಿದ್ರಿ."

"ಅಷ್ಟು ದೊಡ್ಡ ವಿಷ್ಯಾನ ಮೂರನೇ ದರ್ಜೆ ಅಂತ ಹಾಕಿದೀಯಲ್ಲಪ್ಪ?"

"ಡೇಟಾ ಹೋಗಿಲ್ಲ ಅಂದ್ರೆ ಮೂರನೇ ದರ್ಜೆ ಅಂತ ನಮೂನೇಲೇ ಇದೆ ಸಾರ್. ಅಲಾರಂ ಹೋಗಲ್ಲ ಅಂತ ಗೊತ್ತಿತ್ತು. ಬರೆದಿದೀನಿ. ಮೇಲೆ ಬರೆಯಕ್ಕೆ ಜಾಗ ಇರ್ಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನೋಡುತ್ತಾ ಕೂತಿರಲು ನನಗೆ ಆಗಲಿಲ್ಲ. ಎದ್ದು ಬೋರ್ಡಿನ ಹತ್ತಿರ ಹೋದೆ. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣ ಇತ್ತು.

"ಸಾರ್, ನಾನು ಆ ಮೂರು ಸಾಲು ಓದಿದೆ. ಓದಿ ಒಂದು ನಿಮಿಷಕ್ಕೆ ನಮ್ಮಕ್ಕ ಫೋನ್ ಮಾಡಿದ್ಲು. ಅಲಾರಂ ಬಂದಿಲ್ಲ, ಎಲ್ಲ ಸರಿ ಇದೆ ತಾನೆ ಅಂತ ಕೇಳಿದ್ಲು. ಸರಿ ಇದೆ ಅಂದೆ. ನಿಮ್ಮ ನಮೂನೆ ಓದಿದೋರು ಯಾರಾದ್ರೂ ಹಾಗೇ ಅಂತಿದ್ರು. ಆ ಹೊತ್ತಲ್ಲಿ ಬಾಗಿಲು ತೆಗೆದಿದ್ರೆ ಅರ್ಧ ಕೋಳಿ ಆದ್ರೂ ಉಳೀತಿತ್ತು."

ನಾನು ಬೋರ್ಡಿನ ಮೇಲೆ ಬರೆದೆ.

ಮೊದಲ ಸಾಲು: ಫಾರಂಗಳಿಗೆ ಅಲಾರಂ ಕರೆ ಹೋಗುತ್ತಿಲ್ಲ. ಪರದೆಯಲ್ಲಿ ಶೆಡ್ಡು ಸರಿಯಿದೆ ಎಂಬ ಹಸಿರು ಬಣ್ಣ ಕಂಡರೂ ನಂಬಬೇಡಿ, ಅದು ಹಳೆಯ ಮಾಹಿತಿ.

ಎರಡನೇ ಸಾಲು: ಯಾವಾಗಿನಿಂದ, ಯಾವ ಯಾವ ತಾಲ್ಲೂಕು, ಇನ್ನೂ ನಡೆಯುತ್ತಿದೆಯೇ ಇಲ್ಲವೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ.

ಮೂರನೇ ಸಾಲು: ಈಗಲೇ ಏನು ಮಾಡಬೇಕು, ಯಾರು ಮಾಡುತ್ತಿದ್ದಾರೆ. ಸರ್ವರು ನಾನು ನೋಡುತ್ತೇನೆ, ಉಳಿದವರು ತಾಲ್ಲೂಕು ಹಂಚಿಕೊಂಡು ಶೆಡ್ಡುಗಳಿಗೆ ಕೈಯಾರೆ ಫೋನ್ ಮಾಡಿ.

"ಕಾರಣ?" ಎಂದರು ಸಾರ್.

"ಕಾರಣ ಕೆಳಗೆ. ಸಿಕ್ಕಾಗ. ಕಾರಣ ಕೇಳಿ ಕೋಳಿ ಉಸಿರಾಡಲ್ಲ."

ಅವರು ಬಹಳ ಹೊತ್ತು ಬೋರ್ಡು ನೋಡಿದರು. "ನೋಡಮ್ಮ, ಇದು ಯಾರಾದ್ರೂ ಹೊರಗಡೆ ಕಳಿಸಿದ್ರೆ ನಮ್ಮ ಮರ್ಯಾದೆ ಏನಾಗುತ್ತೆ?" ಎಂದರು. ನಿನ್ನೆಯ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿರಲಿಲ್ಲ. ಮರ್ಯಾದೆಯ ಮಾತು ಕೇಳಿ ನಾನು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡೆ. ಹೋಗಲಿಲ್ಲ. ಹೊಸ ಮೂರು ಸಾಲು ಉಳಿದವು, ಆದರೆ ಅಲೀಪುರದವನು ಉಳಿಯಲಿಲ್ಲ. ಸಾರ್ ಅವನನ್ನು ತೆಗೆಯಲಿಲ್ಲ, ಆನ್‌ಕಾಲ್ ಸರದಿಯಿಂದ ಅವನ ಹೆಸರು ತೆಗೆದರು. ಎರಡು ತಿಂಗಳು ನೋಡಿ ಅವನೇ ಬಿಟ್ಟ. ಹೋಗುವ ದಿನ ನನ್ನ ಟೇಬಲ್ಲಿನ ಹತ್ತಿರ ಬಂದು, "ನಿಮ್ಮಕ್ಕಂಗೆ ನನ್ನ ಕಡೆಯಿಂದ ಒಂದು ಮಾತು ಹೇಳ್ತೀರಾ ಮೇಡಂ" ಎಂದ. ಏನು ಹೇಳಬೇಕೆಂದು ಅವನಿಗೂ ಹೊಳೆಯಲಿಲ್ಲ. ಹಾಗೇ ಹೋದ.

ಅಕ್ಕ ಮತ್ತೆ ಮರಿ ಬಿಟ್ಟಳು. ಹೇಗೆ ಬಿಟ್ಟಳು, ಮನೆಯಲ್ಲಿ ಏನೇನು ಕೇಳಿಸಿಕೊಂಡಳು ಎಂದು ನನಗೆ ಹೇಳಲಿಲ್ಲ. ಸೈರನ್ನಿನ ವೈರು ಹಾಕಿಸಿದಳು, ಸ್ವಿಚ್ಚು ಬದಲಿಸಿದಳು. ನಮ್ಮ ಪೆಟ್ಟಿಗೆಯನ್ನು ಕಿತ್ತೆಸೆಯುತ್ತಾಳೆ ಎಂದುಕೊಂಡಿದ್ದೆ, ಎಸೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮತ್ತೊಮ್ಮೆ ಸರ್ವರು ಕೈಕೊಟ್ಟಿತು. ಈ ಸಲವೂ ಊಟದ ಹೊತ್ತಿನಲ್ಲೇ ಪರದೆಯ ಮೇಲೆ ಸಂದೇಶ ಬಂತು. ನಮಸ್ಕಾರ ಇರಲಿಲ್ಲ. ಅಲಾರಂ ಹೋಗುತ್ತಿಲ್ಲ, ಹತ್ತು ನಿಮಿಷದಿಂದ, ನಾಲ್ಕೂ ತಾಲ್ಲೂಕು, ಕಾರಣ ಗೊತ್ತಿಲ್ಲ, ಎಲ್ಲರೂ ಫೋನ್ ಮಾಡಿ. ಓದಲು ಬೇಕಾದದ್ದು ಒಂದು ಉಸಿರು. ಕಲೆಸಿದ ಅನ್ನ ಹಾಗೇ ಬಿಟ್ಟು ಎಲ್ಲರೂ ಎದ್ದರು. ಒಬ್ಬರು ಚಿಂತಾಮಣಿ, ಒಬ್ಬರು ಶಿಡ್ಲಘಟ್ಟ, ಗೌರಿಬಿದನೂರು ನಾನು ತೆಗೆದುಕೊಂಡೆ. ಮೊದಲ ಕರೆ ಅಕ್ಕನಿಗೆ. ಒಂದೇ ರಿಂಗಿಗೆ ಎತ್ತಿದಳು. ಅವಳ ದನಿಯ ಹಿಂದೆ ಫ್ಯಾನುಗಳ ಮೊರೆತ ಜೋರಾಗಿತ್ತು.

"ಅಕ್ಕ, ನಮ್ಮ ಕಡೆಯಿಂದ ಅಲಾರಂ ಬರ್ತಾ ಇಲ್ಲ. ಎಲ್ಲಿದ್ರೂ ಸರಿ, ತಕ್ಷಣ ಶೆಡ್ಡಿಗೆ ಹೋಗು, ಇಲ್ಲ ಯಾರನ್ನಾದ್ರೂ ಕಳಿಸು."

"ಶೆಡ್ಡಲ್ಲೇ ಇದೀನಿ ಕಣೇ."

"ಸದ್ಯ. ಸರಿಹೋಗೋವರ್ಗೂ ಅಲ್ಲೇ ಇರು, ಆಮೇಲೆ ಫೋನ್ ಮಾಡ್ತೀನಿ."

ಆಗ ನನಗೆ ಒಂದೊಂದಾಗಿ ನೆನಪಾಯಿತು. ಅತ್ತೆಯ ಕಣ್ಣಿನ ಆಪರೇಷನ್ನಿಗೆ ಅವಳು ಹೋಗಿರಲಿಲ್ಲ. ನಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಬಂದಿರಲಿಲ್ಲ. ಅಮ್ಮ ಜ್ವರದಲ್ಲಿ ಮಲಗಿದಾಗ ಬಂದಿರಲಿಲ್ಲ. ಕೆಲಸ ಜಾಸ್ತಿ ಎಂದು ನಾವೆಲ್ಲ ಅಂದುಕೊಂಡಿದ್ದೆವು.

"ನೀನು ಬೇರೆಯವ್ರಿಗೆ ಮಾಡ್ಕೊ ಹೋಗು" ಎಂದಳು. "ನನಗೆ ಹೇಳೋ ಅವಶ್ಯ ಇಲ್ಲ. ಅವತ್ತಿಂದ ನಾನು ಶೆಡ್ಡು ಬಿಟ್ಟು ಎಲ್ಲಿಗೆ ಹೋಗಿದೀನಿ ಹೇಳು."